ಐದನೆಯ ಹೇಳಿಕೆ ಏಕೆ ಹೊಂದಲಿಲ್ಲ: ಪ್ರಾಯೋಗಿಕ ಸಮೀಕ್ಷೆಯಲ್ಲಿ ಕ್ರಾನ್‌ಬ್ಯಾಕ್ ಆಲ್ಫಾ ಬಳಸಿದ ನನ್ನ ಅನುಭವ

ಉದ್ಯೋಗಿಗಳಿಗೆ ತಮ್ಮ ಮೇಲ್ವಿಚಾರಕರಿಂದ ಎಷ್ಟರ ಮಟ್ಟಿಗೆ ಬೆಂಬಲ ಸಿಗುತ್ತಿದೆ ಎಂಬುದನ್ನು ಅಳೆಯಲು ನಾನು ಬಳಸಿದ ಪ್ರಶ್ನಾವಳಿಯಲ್ಲಿ ಒಟ್ಟು 26 ಹೇಳಿಕೆಗಳಿದ್ದವು. ಅವು ಮೂರು ಭಾಗಗಳಾಗಿದ್ದವು: ಕೆಲಸದ ಹೊರೆ, ಸಹೋದ್ಯೋಗಿಗಳೊಂದಿಗಿನ ಒಡನಾಟ ಮತ್ತು ಮೇಲ್ವಿಚಾರಕರ ಬೆಂಬಲ. ಪ್ರತಿ ಹೇಳಿಕೆಗೂ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬಲ್ಲಿಂದ ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಎಂಬಲ್ಲಿಯವರೆಗೆ ಐದು ಆಯ್ಕೆಗಳು, 1ರಿಂದ 5ರವರೆಗೆ ಅಂಕಗಳು. ಇಲ್ಲಿ ನಾನು ಬರೆಯುತ್ತಿರುವುದು ಮೂರನೆಯ ಭಾಗದ ಎಂಟು ಹೇಳಿಕೆಗಳ ಬಗ್ಗೆ ಮಾತ್ರ. ಮುಖ್ಯ ಸಮೀಕ್ಷೆಗೆ ಮುನ್ನ ಅವುಗಳನ್ನು ಹೇಗೆ ಪರೀಕ್ಷಿಸಿದೆ, ಯಾವುದನ್ನು ಉಳಿಸಿದೆ, ಯಾವುದನ್ನು ತಿದ್ದಿದೆ ಎಂಬುದೇ ಈ ಬರಹದ ವಿಷಯ.

ಎಂಟು ಹೇಳಿಕೆಗಳಿಗೆ ಬಂದ ಅಂಕಗಳನ್ನು ಕೂಡಿ ಒಬ್ಬ ವ್ಯಕ್ತಿಯ ‘ಬೆಂಬಲದ ಅಂಕ’ ಎಂದು ಕರೆಯಬೇಕಾದರೆ, ಆ ಎಂಟೂ ಒಂದೇ ಸಂಗತಿಯ ಸುತ್ತ ಇರಬೇಕು. ಒಂದಕ್ಕೆ ಹೆಚ್ಚು ಅಂಕ ಕೊಟ್ಟವರು ಉಳಿದವಕ್ಕೂ ಸಾಮಾನ್ಯವಾಗಿ ಹೆಚ್ಚು ಅಂಕ ಕೊಟ್ಟಿರಬೇಕು. ಇದನ್ನೇ ಆಂತರಿಕ ಸ್ಥಿರತೆ ಎನ್ನುತ್ತಾರೆ. ಇದನ್ನು ಅಳೆಯಲು ಹೆಚ್ಚಾಗಿ ಬಳಕೆಯಲ್ಲಿರುವ ವಿಶ್ವಾಸಾರ್ಹತಾ ಗುಣಾಂಕವೆಂದರೆ ಲೀ ಕ್ರಾನ್‌ಬ್ಯಾಕ್ 1951ರ ಲೇಖನದಲ್ಲಿ ವಿವರಿಸಿದ ಆಲ್ಫಾ. ಅದರ ಲೆಕ್ಕ ಹೀಗಿದೆ:

```
α = k/(k−1) × (1 − ΣVi/Vt)
```

ಇಲ್ಲಿ k ಎಂದರೆ ಹೇಳಿಕೆಗಳ ಸಂಖ್ಯೆ, ΣVi ಎಂದರೆ ಒಂದೊಂದು ಹೇಳಿಕೆಯ ಅಂಕಗಳ ವೇರಿಯನ್ಸ್‌ಗಳ ಮೊತ್ತ, Vt ಎಂದರೆ ಎಲ್ಲವನ್ನೂ ಕೂಡಿ ಬಂದ ಒಟ್ಟು ಅಂಕದ ವೇರಿಯನ್ಸ್. ಹೇಳಿಕೆಗಳ ನಡುವೆ ಯಾವ ನಂಟೂ ಇಲ್ಲದಿದ್ದರೆ ಈ ಎರಡು ಮೊತ್ತಗಳೂ ಸಮನಾಗಿ ಆಲ್ಫಾ ಸೊನ್ನೆಯಾಗುತ್ತದೆ. ಅವು ಒಟ್ಟಾಗಿ ಏರಿಳಿದಷ್ಟೂ Vt ಹಿಗ್ಗಿ ಆಲ್ಫಾ 1ರ ಕಡೆಗೆ ಸರಿಯುತ್ತದೆ.

ಪ್ರಾಯೋಗಿಕ ಸಮೀಕ್ಷೆಗೆ 40 ಜನರನ್ನು ಆರಿಸಿಕೊಂಡೆ. ಅವರು ಮುಖ್ಯ ಸಮೀಕ್ಷೆಗೆ ಒಳಪಡಬೇಕಾದವರಂತೆಯೇ ಬೇರೆ ಬೇರೆ ಹುದ್ದೆಯವರೂ ಬೇರೆ ಬೇರೆ ವಯಸ್ಸಿನವರೂ ಆಗಿದ್ದರು. ಆದರೆ ಅವರಲ್ಲಿ ಯಾರನ್ನೂ ಮುಖ್ಯ ಸಮೀಕ್ಷೆಯಲ್ಲಿ ಸೇರಿಸುವುದಿಲ್ಲವೆಂದು ಮೊದಲೇ ನಿರ್ಧರಿಸಿದ್ದೆ. ಹೇಳಿಕೆಗಳನ್ನು ಒಮ್ಮೆ ಓದಿ ಚರ್ಚಿಸಿದವರು ಮತ್ತೆ ಉತ್ತರಿಸುವಾಗ ಹೊಸಬರಂತೆ ಉತ್ತರಿಸುವುದಿಲ್ಲ, ಅಲ್ಲದೆ ನಂತರ ತಿದ್ದಿದ ಪ್ರಶ್ನಾವಳಿಯ ಉತ್ತರಗಳ ಜೊತೆಗೆ ತಿದ್ದುವ ಮೊದಲಿನ ಉತ್ತರಗಳನ್ನು ಬೆರೆಸುವುದೂ ಸಲ್ಲ. ಪ್ರಶ್ನೆಗಳ ಅನುಕ್ರಮ, ಸೂಚನೆಗಳು, ತುಂಬುವ ವಿಧಾನ ಇವೆಲ್ಲ ಮುಖ್ಯ ಸಮೀಕ್ಷೆಯಲ್ಲಿ ಹೇಗಿರಬೇಕೋ ಹಾಗೆಯೇ ಇದ್ದವು. ಉತ್ತರಗಳನ್ನು ಪಡೆದ ಬಳಿಕ ಅವರಲ್ಲಿ ಹತ್ತು ಜನರೊಡನೆ ಕುಳಿತು, ಪ್ರತಿ ಹೇಳಿಕೆಯನ್ನೂ ಅವರು ಹೇಗೆ ಅರ್ಥ ಮಾಡಿಕೊಂಡರು, ಆ ಅಂಕವನ್ನೇ ಏಕೆ ಆರಿಸಿದರು ಎಂದು ಕೇಳಿ ಬರೆದುಕೊಂಡೆ. ಈ ಮಾತುಕತೆಯಿಲ್ಲದೆ ಬರಿಯ ಅಂಕಿಗಳನ್ನು ಹಿಡಿದು ಕುಳಿತರೆ ಪ್ರಾಯೋಗಿಕ ಸಮೀಕ್ಷೆಯ ಅರ್ಧ ಫಲವೂ ದಕ್ಕುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಂಟರಲ್ಲಿ ಮೂರನೆಯ ಹೇಳಿಕೆ ವಿರುದ್ಧ ದಿಕ್ಕಿನದು: ‘ನನಗೆ ತೊಂದರೆಯಾದಾಗ ಮೇಲ್ವಿಚಾರಕರು ಗಮನಿಸುವುದಿಲ್ಲ.’ ಇಲ್ಲಿ 5 ಎಂದರೆ ಬೆಂಬಲ ಕಡಿಮೆ ಎಂದರ್ಥ. ಆದ್ದರಿಂದ ಲೆಕ್ಕಕ್ಕೆ ಮುನ್ನ ಆ ಅಂಕವನ್ನು 6ರಿಂದ ಕಳೆದು ತಿರುಗಿಸಬೇಕು. ಆಗ 5 ಇದ್ದದ್ದು 1 ಆಗುತ್ತದೆ, 4 ಇದ್ದದ್ದು 2 ಆಗುತ್ತದೆ. ನಾನು ಬಳಸುವ ಆರ್ ತಂತ್ರಾಂಶದಲ್ಲಿ ಇಷ್ಟೇ ಸಾಕು:

```
library(psych)
d$s3 <- 6 - d$s3
alpha(d[, paste0("s", 1:8)])
```

ತಿರುಗಿಸುವುದರಿಂದ ಎಷ್ಟು ವ್ಯತ್ಯಾಸವಾಗುತ್ತದೆಂದು ನೋಡಲು ಎರಡನೆಯ ಸಾಲನ್ನು ಬಿಟ್ಟೂ ಲೆಕ್ಕ ಹಾಕಿದೆ. ಆಗ ಒಟ್ಟು ಅಂಕದ ವೇರಿಯನ್ಸ್ 14.4 ಮಾತ್ರ ಇದ್ದು ಆಲ್ಫಾ 0.48 ಬಂತು. ತಿರುಗಿಸಿದ ಮೇಲೆ ವೇರಿಯನ್ಸ್ 20.0ಕ್ಕೆ ಏರಿತು. ಎಂಟು ಹೇಳಿಕೆಗಳ ವೇರಿಯನ್ಸ್‌ಗಳ ಮೊತ್ತ ಎರಡೂ ಸಲ 8.4 ಆಗಿದ್ದರಿಂದ ಲೆಕ್ಕ ಹೀಗಾಯಿತು: 8/7 × (1 − 8.4/20.0), ಅಂದರೆ 0.66. ಉಳಿದೆಲ್ಲ ಹೇಳಿಕೆಗಳೂ ಚೆನ್ನಾಗಿ ಹೊಂದಿಕೊಂಡಿದ್ದು ಒಂದು ಹೇಳಿಕೆಗೆ ಮಾತ್ರ ಋಣ ಸಹಸಂಬಂಧ ಕಂಡುಬಂದರೆ, ಬೇರೇನನ್ನೂ ಯೋಚಿಸುವ ಮೊದಲು ಆ ಅಂಕವನ್ನು ತಿರುಗಿಸಲಾಗಿದೆಯೇ ಎಂದು ನೋಡಬೇಕು.

ಸಾಮಾನ್ಯವಾಗಿ 0.70 ಇದ್ದರೆ ಸಾಕು ಎನ್ನುವ ರೂಢಿಯಿದೆ. 0.66 ಅದಕ್ಕಿಂತ ಸ್ವಲ್ಪ ಕಡಿಮೆ. ಆದರೆ ಆ ಒಂದು ಅಂಕಿಯನ್ನು ನೋಡಿ ತೀರ್ಪು ಕೊಡುವುದು ಸರಿಯಲ್ಲ. 40 ಜನರ ಉತ್ತರಗಳಿಂದ ಬಂದ 0.66ಕ್ಕೆ ಶೇಕಡಾ 95ರ ವಿಶ್ವಾಸದ ವ್ಯಾಪ್ತಿಯನ್ನು ಲೆಕ್ಕ ಹಾಕಿದರೆ ಅದು ಸುಮಾರು 0.47ರಿಂದ 0.80ರವರೆಗೆ ಹರಡಿಕೊಳ್ಳುತ್ತದೆ. ಹೀಗಿರುವಾಗ 0.66 ಬಂದಿತೆಂದು ಇಡೀ ಅಳತೆಗೋಲನ್ನು ಕೈಬಿಡುವುದಾಗಲಿ, 0.72 ಬಂದಿತೆಂದು ನಿಶ್ಚಿಂತರಾಗುವುದಾಗಲಿ ಅಷ್ಟು ಚಿಕ್ಕ ಗುಂಪಿನ ಆಧಾರದ ಮೇಲೆ ಮಾಡುವ ಕೆಲಸವಲ್ಲ. ಪ್ರಾಯೋಗಿಕ ಹಂತದಲ್ಲಿ ಆಲ್ಫಾದಿಂದ ನಾನು ಬಯಸುವುದು ಎಲ್ಲಿ ನೋಡಬೇಕೆಂಬ ಸೂಚನೆಯನ್ನು.

ಆ ಸೂಚನೆ ಸಿಗುವುದು ಫಲಿತಾಂಶದ ಕೆಳಭಾಗದ ಪಟ್ಟಿಯಲ್ಲಿ. ಅಲ್ಲಿ `r.drop` ಎಂಬ ಕಾಲಂ ಇರುತ್ತದೆ. ಒಂದು ಹೇಳಿಕೆಗೂ ಅದನ್ನು ಬಿಟ್ಟು ಉಳಿದವುಗಳ ಮೊತ್ತಕ್ಕೂ ಇರುವ ಸಹಸಂಬಂಧವನ್ನು ಅದು ತೋರಿಸುತ್ತದೆ. ಹೇಳಿಕೆಯನ್ನು ಮೊತ್ತದಿಂದ ಹೊರಗಿಟ್ಟು ನೋಡುವುದು ಅಗತ್ಯ, ಇಲ್ಲವಾದರೆ ಅದು ತನ್ನೊಡನೆಯೇ ಹೊಂದಿಕೊಂಡು ಸಹಸಂಬಂಧ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. 0.30ಕ್ಕಿಂತ ಕಡಿಮೆ ಇದ್ದವನ್ನು ಬೇರೆಯಾಗಿ ಪರಿಶೀಲಿಸುವುದು ನನ್ನ ಪದ್ಧತಿ. ಇಲ್ಲಿ ಅಂಥವು ಎರಡಿದ್ದವು: ಐದನೆಯದಕ್ಕೆ 0.04, ಏಳನೆಯದಕ್ಕೆ 0.30ಕ್ಕಿಂತ ತುಸು ಕಡಿಮೆ.

ಐದನೆಯ ಹೇಳಿಕೆ ಹೀಗಿತ್ತು: ‘ನನ್ನ ಕೆಲಸ ಹೇಗಿದೆಯೆಂದು ಮೇಲ್ವಿಚಾರಕರು ಕೂಡಲೇ ತಿಳಿಸುತ್ತಾರೆ ಮತ್ತು ಎಲ್ಲರೆದುರು ಮೆಚ್ಚಿ ಮಾತಾಡುತ್ತಾರೆ.’ ಓದುವಾಗ ಸಹಜವಾಗಿಯೇ ಇದೆ. ಆದರೆ ಮಾತುಕತೆಯ ಟಿಪ್ಪಣಿಗಳನ್ನು ತೆರೆದಾಗ ಕಾರಣ ಸ್ಪಷ್ಟವಾಯಿತು. 2 ಎಂದು ಗುರುತಿಸಿದ್ದ ಒಬ್ಬರು, ‘ತಿಳಿಸುವುದೇನೋ ಆಗಲೇ ತಿಳಿಸುತ್ತಾರೆ ಸರ್, ಆದರೆ ಎಲ್ಲರೆದುರು ಹೊಗಳುವುದು ಅವರ ಸ್ವಭಾವವಲ್ಲ, ಅದಕ್ಕೇ ಎರಡು ಹಾಕಿದೆ’ ಎಂದಿದ್ದರು. ಅವರು ಬೇರೆ ಹೇಳಿಕೆಗಳಿಗೆಲ್ಲ 4 ಮತ್ತು 5 ಕೊಟ್ಟಿದ್ದರು. ಇನ್ನೊಬ್ಬರು ಮೊದಲ ಅರ್ಧವನ್ನಷ್ಟೇ ಗಮನಿಸಿ 5 ಕೊಟ್ಟಿದ್ದರು. ಮತ್ತೊಬ್ಬರು ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಎಂದುಕೊಂಡು ನಡುವಿನ 3ನ್ನು ಆರಿಸಿದ್ದರು. ಅಂದರೆ ಆ 3ಕ್ಕೂ ‘ಹೇಳಲಾರೆ’ ಎಂಬ ನಡುವಿನ ಆಯ್ಕೆಗೂ ಸಂಬಂಧವೇ ಇರಲಿಲ್ಲ. ಒಂದು ವಾಕ್ಯದಲ್ಲಿ ಎರಡು ಪ್ರಶ್ನೆಗಳಿದ್ದು, ಯಾರು ಯಾವುದಕ್ಕೆ ಉತ್ತರಿಸಿದರೆಂಬುದು ಅಂಕದಿಂದ ತಿಳಿಯುವಂತಿರಲಿಲ್ಲ.

ಇದನ್ನು ತೆಗೆದರೆ ಉಳಿದ ಏಳರ ವೇರಿಯನ್ಸ್‌ಗಳ ಮೊತ್ತ 7.2, ಒಟ್ಟು ಅಂಕದ ವೇರಿಯನ್ಸ್ 18.4, ಆಲ್ಫಾ 0.71. ಹೇಳಿಕೆಗಳು ಕಡಿಮೆಯಾದಾಗ ಆಲ್ಫಾ ಸಾಮಾನ್ಯವಾಗಿ ಇಳಿಯಬೇಕು. ಇಲ್ಲಿ ಏರಿದ್ದು ಐದನೆಯ ಹೇಳಿಕೆ ಉಳಿದವುಗಳ ಜೊತೆ ಎಷ್ಟು ಹೊಂದದೆ ಇತ್ತೆಂಬುದಕ್ಕೆ ಸಾಕ್ಷಿ. 0.70 ದಾಟಿತೆಂದು ಅಲ್ಲಿಗೇ ಬಿಡಬಹುದಿತ್ತು. ಆದರೆ ಕೆಲಸದ ಬಗ್ಗೆ ಕೂಡಲೇ ತಿಳಿಸುವುದು ಬೆಂಬಲದ ಒಂದು ಮುಖ್ಯ ಅಂಗ. ಅದನ್ನು ಕೇಳುವ ಬೇರೊಂದು ಹೇಳಿಕೆ ನನ್ನ ಪ್ರಶ್ನಾವಳಿಯಲ್ಲಿ ಇರಲಿಲ್ಲ. ಆದ್ದರಿಂದ ಎರಡನೆಯ ಅರ್ಧವನ್ನು ಕತ್ತರಿಸಿ, ‘ನನ್ನ ಕೆಲಸ ಹೇಗಿದೆಯೆಂದು ಮೇಲ್ವಿಚಾರಕರು ಕೂಡಲೇ ತಿಳಿಸುತ್ತಾರೆ’ ಎಂದಷ್ಟೇ ಉಳಿಸಿದೆ.

ಏಳನೆಯದರ ಕಥೆ ಬೇರೆ: ‘ಮನೆಯಲ್ಲಿ ತುರ್ತು ಬಂದಾಗ ಮೇಲ್ವಿಚಾರಕರು ನನ್ನ ಕೆಲಸದ ಸಮಯವನ್ನು ಹೊಂದಿಸಿಕೊಡುತ್ತಾರೆ.’ ಐದನೆಯದನ್ನು ಬಿಟ್ಟ ಏಳು ಹೇಳಿಕೆಗಳ ನಡುವೆ ಇದರ ಸಹಸಂಬಂಧ 0.27. ಇದನ್ನೂ ತೆಗೆದರೆ ಆಲ್ಫಾ 0.71ರಲ್ಲೇ ನಿಲ್ಲುತ್ತಿತ್ತು, ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಮಾತಾಡಿಸಿದ ಹತ್ತು ಜನರೂ ಇದನ್ನು ಒಂದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದರು. ಕೆಲಸದ ಹೊರಗಿನ ಕಷ್ಟಕ್ಕೆ ಒದಗುವ ಬೆಂಬಲದ ಬಗ್ಗೆ ಇದ್ದ ಹೇಳಿಕೆ ಇದೊಂದೇ ಆದ್ದರಿಂದ ಉಳಿದವುಗಳೊಂದಿಗೆ ನಂಟು ಸ್ವಲ್ಪ ಸಡಿಲವಾಗಿರುವುದು ಸಹಜವೇ ಆಗಿತ್ತು. ಇದನ್ನು ನಾನು ಒಂದಕ್ಷರವೂ ಬದಲಿಸದೆ ಉಳಿಸಿಕೊಂಡೆ. 0.04 ಮತ್ತು 0.27 ಎರಡೂ ಗೆರೆಗಿಂತ ಕೆಳಗಿದ್ದರೂ ಒಂದರಲ್ಲಿ ವಾಕ್ಯವೇ ಕೆಟ್ಟಿತ್ತು, ಇನ್ನೊಂದರಲ್ಲಿ ವಿಷಯದ ಹರವು ದೊಡ್ಡದಿತ್ತು. ಅಂಕಿಗಳು ಈ ವ್ಯತ್ಯಾಸವನ್ನು ತಾವಾಗಿ ಹೇಳುವುದಿಲ್ಲ.

ಆಲ್ಫಾವನ್ನು ಏರಿಸುವ ಸುಲಭದ ದಾರಿಗಳೂ ಇವೆ. ಒಂದೇ ಮಾತನ್ನು ಸ್ವಲ್ಪ ಬದಲಿಸಿ ಮೂರು ಸಲ ಕೇಳಿದರೆ ಅದು ಏರಿಯೇ ಏರುತ್ತದೆ, ಆದರೆ ಅಳೆಯುವ ಸಂಗತಿ ಅಷ್ಟರಮಟ್ಟಿಗೆ ಕಿರಿದಾಗುತ್ತದೆ, 0.95ನ್ನು ಮೀರಿದ ಆಲ್ಫಾ ಕಂಡಾಗ ನಾನು ಮೊದಲು ಹುಡುಕುವುದು ಇಂಥ ಪುನರುಕ್ತಿಯನ್ನು. ಇನ್ನೊಂದು ದಾರಿ, ಇಡೀ ಪ್ರಶ್ನಾವಳಿಗೆ ಒಂದೇ ಆಲ್ಫಾ ಲೆಕ್ಕ ಹಾಕುವುದು. ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ ಕೇವಲ 0.15 ಇದ್ದರೂ 26 ಹೇಳಿಕೆಗಳಿಗೆ ಆಲ್ಫಾ ಸುಮಾರು 0.82 ಬರುತ್ತದೆ, ಅದೇ ಸಹಸಂಬಂಧಕ್ಕೆ ಎಂಟು ಹೇಳಿಕೆಗಳಿದ್ದರೆ 0.59 ಮಾತ್ರ. ಮೂರು ಬೇರೆ ಸಂಗತಿಗಳನ್ನು ಅಳೆಯುವ ಭಾಗಗಳನ್ನು ಸೇರಿಸಿ 0.82 ಎಂದು ವರದಿ ಮಾಡಿದ್ದರೆ ಐದನೆಯ ಹೇಳಿಕೆಯ ದೋಷ ಅದರಡಿಯಲ್ಲಿ ಮುಚ್ಚಿಹೋಗುತ್ತಿತ್ತು. ಆಲ್ಫಾ ಹೆಚ್ಚಿದ್ದ ಮಾತ್ರಕ್ಕೆ ಹೇಳಿಕೆಗಳೆಲ್ಲ ಒಂದೇ ಸಂಗತಿಯವೆಂದು ಸಾಬೀತಾಗುವುದಿಲ್ಲ. ಅದಕ್ಕೆ ಅಪವರ್ತನ ವಿಶ್ಲೇಷಣೆ ಬೇಕು, ಮತ್ತು ಅದಕ್ಕೆ 40 ಜನರ ಉತ್ತರಗಳು ಸಾಲವು. ಆ ವಿಶ್ಲೇಷಣೆಯನ್ನು ಮುಖ್ಯ ಸಮೀಕ್ಷೆಯ ದತ್ತಾಂಶಕ್ಕೆಂದು ಕಾದಿರಿಸಿದೆ.

ತಿದ್ದಿದ ಎಂಟು ಹೇಳಿಕೆಗಳನ್ನು ನೇರವಾಗಿ ಮುಖ್ಯ ಸಮೀಕ್ಷೆಗೆ ಒಯ್ಯದೆ ಹೊಸಬರಾದ 35 ಜನರಿಗೆ ಕೊಟ್ಟು ನೋಡಿದೆ. ಹೇಳಿಕೆಯ ಮಾತು ಬದಲಾದ ಮೇಲೆ ಹಳೆಯ ಆಲ್ಫಾ ಹೊಸ ಪ್ರಶ್ನಾವಳಿಗೆ ಅನ್ವಯಿಸುವುದಿಲ್ಲ. ಗುಣಾಂಕವು ಒಂದು ಗುಂಪಿನ ಜನ ಒಂದು ಸಲ ಕೊಟ್ಟ ಉತ್ತರಗಳಿಗೆ ಸೇರಿದ್ದೇ ಹೊರತು ಪ್ರಶ್ನಾವಳಿಗೆ ಶಾಶ್ವತವಾಗಿ ಅಂಟಿಕೊಳ್ಳುವ ಗುಣವಲ್ಲ. ಈ ಸಲ ಐದನೆಯ ಹೇಳಿಕೆಯ ಸಹಸಂಬಂಧ 0.45 ಆಗಿತ್ತು, ಆಲ್ಫಾ 0.76. ಮುಖ್ಯ ಸಮೀಕ್ಷೆಯಲ್ಲಿ 420 ಜನ ಉತ್ತರಿಸಿದ ಬಳಿಕ ಮತ್ತೆ ಲೆಕ್ಕ ಹಾಕಿದಾಗ ಆಲ್ಫಾ 0.74 ಬಂತು, ಅದರ ವ್ಯಾಪ್ತಿ ಸುಮಾರು 0.70ರಿಂದ 0.78. ವರದಿಯಲ್ಲಿ ಬೆಂಬಲದ ಭಾಗಕ್ಕೆ ಈ ಕೊನೆಯ ಅಂಕಿಯನ್ನೇ ವ್ಯಾಪ್ತಿಯ ಸಮೇತ ಕೊಟ್ಟೆ, ಮತ್ತು ಐದನೆಯ ಹೇಳಿಕೆಯ ಹಳೆಯ ರೂಪವನ್ನೂ ತಿದ್ದಿದ ಕಾರಣವನ್ನೂ ವಿಧಾನದ ಅಧ್ಯಾಯದಲ್ಲಿ ದಾಖಲಿಸಿದೆ.