ಅಪ್ಪ ಬಿಟ್ಟುಹೋದ ದುಡ್ಡು ಕೈಗೆ ಬಂದಾಗ ಮೊದಲು ಏನು ಮಾಡಬೇಕು?

ಶಿಡ್ಲಘಟ್ಟದಲ್ಲಿ ನನಗೆ ಪರಿಚಯದ ಒಬ್ಬ ಅಕ್ಕ ಇದ್ದಾರೆ. ಗಂಡ ಹೆಂಡತಿ ಸೇರಿ ಸಣ್ಣದೊಂದು ರೇಷ್ಮೆ ರೀಲಿಂಗ್ ಘಟಕ ನಡೆಸುತ್ತಾರೆ. ಅವರ ತಂದೆ ತೀರಿಕೊಂಡ ಮೇಲೆ ಬ್ಯಾಂಕಿನಲ್ಲಿ 18 ಲಕ್ಷ ರೂಪಾಯಿ ಡೆಪಾಸಿಟ್ ಇರುವುದು ಗೊತ್ತಾಯಿತು. ನಾಮಿನಿ ಅಂತ ಇದ್ದದ್ದು ಅಕ್ಕನ ಹೆಸರು. ಹದಿನೈದು ದಿನದಲ್ಲಿ ಅಷ್ಟೂ ಹಣ ಅವರ ಖಾತೆಗೆ ಬಂತು. ಮಾರನೇ ದಿನವೇ ಭಾವನ ಕಡೆಯವರೊಬ್ಬರು ಮನೆಗೆ ಬಂದು, "ನಂದಿ ಬೆಟ್ಟದ ಕಡೆ ಒಳ್ಳೆ ಸೈಟ್ ಇದೆ ಕಣಮ್ಮ, ಐದು ಲಕ್ಷ ಅಡ್ವಾನ್ಸ್ ಹಾಕಿಬಿಡು" ಅಂದರು.

ಅಕ್ಕ ಹಾಕಲಿಲ್ಲ. ಅವರು ಮಾಡಿದ್ದನ್ನೇ ಇಲ್ಲಿ ಹೆಜ್ಜೆಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು: ಈ ದುಡ್ಡು ಯಾರದ್ದು?

ನಾಮಿನಿ ಅಂದರೆ ಮಾಲೀಕರು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಬ್ಯಾಂಕ್ ಹಣವನ್ನು ಯಾರ ಕೈಗೆ ಕೊಟ್ಟು ತನ್ನ ಜವಾಬ್ದಾರಿ ಮುಗಿಸಿಕೊಳ್ಳಬಹುದೋ ಅವರು ನಾಮಿನಿ, ಅಷ್ಟೇ. ಹಣ ವಾರಸುದಾರರದ್ದು. ತಂದೆ ವಿಲ್ ಬರೆದಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿನ ಪ್ರಕಾರ ಅವರ ಸ್ವಂತ ದುಡಿಮೆಯ ಹಣದಲ್ಲಿ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಅಕ್ಕ ತಮ್ಮನನ್ನೂ ಅಮ್ಮನನ್ನೂ ಕೂರಿಸಿಕೊಂಡು ತಲಾ 6 ಲಕ್ಷ ಅಂತ ಹಂಚಿದರು. ನಗದಾಗಿ ಅಲ್ಲ, ಖಾತೆಯಿಂದ ಖಾತೆಗೆ. ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು ಹೋಯಿತು ಅಂತ ಬರೆದು ಮೂವರೂ ಸಹಿ ಹಾಕಿದರು. ಅಮ್ಮನ ಪಾಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಯಿತು. ಅಲ್ಲಿ ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ.

ಡೆಪಾಸಿಟ್ ಅವಧಿ ಮುಗಿಯದೇ ಇದ್ದರೂ, ಖಾತೆದಾರರು ತೀರಿಕೊಂಡಾಗ ಅದನ್ನು ಮುರಿಸಿದರೆ ದಂಡ ಹಾಕುವಂತಿಲ್ಲ. ಕೌಂಟರಿನಲ್ಲಿ ಹಿಡಿಯಲು ನೋಡಿದರೆ ಕೇಳಿ.

ಇನ್ನು ತೆರಿಗೆ. ಪಿತ್ರಾರ್ಜಿತವಾಗಿ ಬಂದ ಹಣಕ್ಕೆ ನಮ್ಮಲ್ಲಿ ತೆರಿಗೆ ಇಲ್ಲ. ಆದರೆ ಬಂದ ಮೇಲೆ ಅದರಿಂದ ಹುಟ್ಟುವ ಬಡ್ಡಿ ನಿಮ್ಮ ಆದಾಯ. ತಂದೆ ತೀರಿಕೊಂಡ ದಿನದವರೆಗಿನ ಬಡ್ಡಿ ತಂದೆಯ ಲೆಕ್ಕಕ್ಕೆ ಸೇರುತ್ತದೆ. ಅವರು ರಿಟರ್ನ್ ಸಲ್ಲಿಸಬೇಕಾದವರಾಗಿದ್ದರೆ ಅದನ್ನು ವಾರಸುದಾರರು ಸಲ್ಲಿಸಬೇಕು. ನರಸಾಪುರ, ವಸಂತನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಬೋನಸ್ ಬಂದವರ ಕತೆಯೇ ಬೇರೆ. ಬೋನಸ್ ಸಂಬಳದ ಭಾಗ, ಅದಕ್ಕೆ ತೆರಿಗೆ ಉಂಟು. ಹಾಗಾಗಿ ನೋಟಿಸ್ ಬೋರ್ಡಿನಲ್ಲಿ ಕಂಡ ಮೊತ್ತ ಬಿಟ್ಟು, ಖಾತೆಗೆ ಬಿದ್ದ ಮೊತ್ತದ ಮೇಲೆ ಲೆಕ್ಕ ಹಾಕಿ.

ಆಮೇಲೆ: ಎಲ್ಲ ಸಾಲವನ್ನೂ ಒಂದೇ ತಕ್ಕಡಿಗೆ ಹಾಕಿ

ಇದು ಮುಖ್ಯವಾದ ಹೆಜ್ಜೆ. ಕೈಸಾಲದ ಬಡ್ಡಿಯನ್ನು ನಾವು ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಅಂತ ಹೇಳುತ್ತೇವೆ. ಬ್ಯಾಂಕಿನವರು ವರ್ಷಕ್ಕೆ ಇಷ್ಟು ಪರ್ಸೆಂಟ್ ಅನ್ನುತ್ತಾರೆ. "ಮೂರು ರೂಪಾಯಿ ಬಡ್ಡಿ" ಅಂದರೆ ಕಡಿಮೆ ಅನ್ನಿಸುತ್ತದೆ, "12 ಪರ್ಸೆಂಟ್" ಅಂದರೆ ಜಾಸ್ತಿ ಅನ್ನಿಸುತ್ತದೆ. ಬ್ಯಾಂಕಿನ ದರವನ್ನು 12ರಿಂದ ಭಾಗಿಸಿದರೆ ಎರಡೂ ಒಂದೇ ಅಳತೆಗೆ ಬರುತ್ತವೆ.

ಅಕ್ಕನ ಪಟ್ಟಿ ಹೀಗಿತ್ತು. ಗೂಡು ಕೊಳ್ಳಲು ಪಡೆದ ಕೈಸಾಲ 1 ಲಕ್ಷ, ನೂರಕ್ಕೆ ಮೂರು ರೂಪಾಯಿ. ಒಡವೆ ಸಾಲ ಬಡ್ಡಿ ಸೇರಿ 1.5 ಲಕ್ಷ, ವರ್ಷಕ್ಕೆ 12 ಪರ್ಸೆಂಟ್, ಅಂದರೆ ಒಂದು ರೂಪಾಯಿ. ಮನೆ ಸಾಲ ಬಾಕಿ 7 ಲಕ್ಷ, 9 ಪರ್ಸೆಂಟ್, ಅಂದರೆ 75 ಪೈಸೆ. ಈ ಹಣವನ್ನು ಹಾಗೇ ಡೆಪಾಸಿಟ್ ಇಟ್ಟಿದ್ದರೆ ಅವರಿಗೆ ಸಿಗುತ್ತಿದ್ದದ್ದು ಸುಮಾರು 55 ಪೈಸೆ. ಮೂರು ರೂಪಾಯಿ ಕೊಡುತ್ತಾ 55 ಪೈಸೆ ತೆಗೆದುಕೊಳ್ಳುವುದು ಯಾವ ವ್ಯಾಪಾರ, ಅಲ್ವಾ?

ದೊಡ್ಡ ಹಣ ಬಂದಾಗ ಮೂರು ತಿಂಗಳು ಸುಮ್ನೆ ಇಡಿ ಅನ್ನುವ ಸಲಹೆಯನ್ನು ನಾನೂ ಕೊಡುತ್ತೇನೆ. ಸೈಟ್, ಕಾರು, ಚೀಟಿ, ಶೇರು ಎಲ್ಲಕ್ಕೂ ಅದು ಸರಿ. ಅಕ್ಕ ಉಳಿದ ಹಣವನ್ನು 91 ದಿನದ ಡೆಪಾಸಿಟ್ ಮಾಡಿ, ಕೇಳಿದವರಿಗೆಲ್ಲ "ಬ್ಯಾಂಕಲ್ಲಿ ಲಾಕ್ ಆಗಿದೆ" ಅಂದುಬಿಟ್ಟರು. ಆದರೆ ಕೈಸಾಲಕ್ಕೆ ಈ ಸಲಹೆ ಅನ್ವಯಿಸುವುದಿಲ್ಲ. ಅದು ಮೂರು ತಿಂಗಳು ಕಾದರೆ 9,000 ರೂಪಾಯಿ ತಿನ್ನುತ್ತದೆ.

ಕೈಸಾಲ ತೀರಿಸುವಾಗ ಒಂದು ಎಚ್ಚರ ಬೇಕು. ಸಾಲ ಕೊಟ್ಟವರ ಹತ್ತಿರ ಸಹಿ ಮಾಡಿದ ಪ್ರಾಮಿಸರಿ ನೋಟ್, ಖಾಲಿ ಚೆಕ್ ಇರುತ್ತವೆ. "ಎಲ್ಲೋ ಇಟ್ಟಿದೀನಿ, ಆಮೇಲೆ ಕೊಡ್ತೀನಿ" ಅಂದರೆ ಹಣವನ್ನೂ ಆಮೇಲೆ ಕೊಡಿ. ಆ ಚೆಕ್ ಎರಡು ವರ್ಷ ಬಿಟ್ಟು ಬ್ಯಾಂಕಿಗೆ ಹೋಗಿ ಬೌನ್ಸ್ ಆದರೆ ಕೋರ್ಟಿಗೆ ಅಲೆಯುವವರು ನೀವು. ಹಣವನ್ನು ಖಾತೆಯಿಂದಲೇ ಕಳಿಸಿ. 20 ಸಾವಿರ ಮತ್ತು ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ತೀರಿಸುವುದಕ್ಕೆ ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಅಕ್ಕ ನೋಟ್ ಮತ್ತು ಎರಡು ಚೆಕ್ ವಾಪಸ್ ಪಡೆದು, "ಪೂರ್ತಿ ಮುಟ್ಟಿದೆ" ಅಂತ ಬರೆಸಿಕೊಂಡರು.

ಒಡವೆ ಬಿಡಿಸುವಾಗ ಕೌಂಟರಿನಲ್ಲೇ ತೂಕ ಹಾಕಿಸಿ, ಅಡವಿನ ಚೀಟಿಯ ತೂಕದ ಜೊತೆ ತಾಳೆ ನೋಡಿ. ಮನೆಗೆ ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ.

ಉಳಿದ ಮೂರೂವರೆ ಲಕ್ಷ

ಮನೆ ಸಾಲಕ್ಕೆ ಕೈ ಹಾಕುವ ಮೊದಲು ಅಕ್ಕ 1.5 ಲಕ್ಷ ಪಕ್ಕಕ್ಕಿಟ್ಟರು. ತಿಂಗಳಿಗೆ 25 ಸಾವಿರದಂತೆ ಆರು ತಿಂಗಳ ಮನೆ ಖರ್ಚು ಅದು. ಇದನ್ನು ಇಡದಿದ್ದರೆ, ಗೂಡಿನ ಬೆಲೆ ಏರಿದ ವಾರ ಮತ್ತೆ ಅದೇ ಮೂರು ರೂಪಾಯಿ ಬಡ್ಡಿಯವರ ಬಾಗಿಲಿಗೆ ಹೋಗಬೇಕಾಗುತ್ತದೆ. ಒಂದೇ ಡೆಪಾಸಿಟ್ ಬದಲು 50 ಸಾವಿರದ ಮೂರು ಮಾಡಿಸಿದರು. ಅರ್ಜೆಂಟ್ ಬಂದರೆ ಒಂದನ್ನು ಮಾತ್ರ ಮುರಿದರೆ ಸಾಕು.

ಎಲ್ಲಿ ಇಡಬೇಕು ಅನ್ನುವುದನ್ನೂ ನೋಡಿ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಒಂದೇ ಬ್ಯಾಂಕಿನ ಎರಡು ಶಾಖೆಯಲ್ಲಿ ಇಟ್ಟರೂ ಲೆಕ್ಕ ಒಂದೇ. ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಹೆಸರುಗಳು ಒಂದೇ ತರಹ ಇರುತ್ತವೆ. ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತೇವೆ ಅಂದ ಕೂಡಲೇ, ಇದು ಬ್ಯಾಂಕೋ ಸಂಘವೋ ಅಂತ ಕೇಳಿ.

ಕೊನೆಗೆ ಉಳಿದ 2 ಲಕ್ಷ ಮನೆ ಸಾಲಕ್ಕೆ ಹೋಯಿತು. ಬಡ್ಡಿ ದರ ಏರಿಳಿಯುವ ಮನೆ ಸಾಲವನ್ನು ಮುಂಚಿತವಾಗಿ ಕಟ್ಟಿದರೆ ದಂಡವಿಲ್ಲ. ಆದರೆ ಇಲ್ಲೊಂದು ಆಯ್ಕೆ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಅಕ್ಕನಿಗೆ ಇನ್ನೂ ಹತ್ತು ವರ್ಷ ಕಂತು ಬಾಕಿ ಇತ್ತು, ತಿಂಗಳಿಗೆ ಸುಮಾರು 8,870 ರೂಪಾಯಿ. ಕಂತು ಇಳಿಸಿ ಅಂದರೆ ಅದು 6,330ರ ಹತ್ತಿರ ಬರುತ್ತದೆ, ಹತ್ತು ವರ್ಷ ಹಾಗೇ ಇರುತ್ತದೆ, ಉಳಿಯುವ ಬಡ್ಡಿ ಸುಮಾರು 1 ಲಕ್ಷ. ಕಂತು ಅಷ್ಟೇ ಇರಲಿ, ಅವಧಿ ಇಳಿಸಿ ಅಂದರೆ ಸಾಲ ಆರು ವರ್ಷ ಎರಡು ತಿಂಗಳಿಗೆ ಮುಗಿಯುತ್ತದೆ, ಉಳಿಯುವ ಬಡ್ಡಿ 2 ಲಕ್ಷಕ್ಕೂ ಮೇಲೆ. ರೀಲಿಂಗ್‌ನಲ್ಲಿ ಆದಾಯ ಏರುಪೇರು, ಕಂತು ಇಳಿಸೋಣ ಅಂತ ಗಂಡ ಅಂದರು. ಆ ಏರುಪೇರಿಗೇ ಮೂರು ಡೆಪಾಸಿಟ್ ಇದೆಯಲ್ಲ ಅಂತ ಅಕ್ಕ ಅವಧಿ ಇಳಿಸಲು ಅರ್ಜಿ ಬರೆದರು.

ಬಾಯಿಮಾತಿನಲ್ಲಿ ಹೇಳಿ ಬರಲಿಲ್ಲ. ಅರ್ಜಿಯ ಪ್ರತಿಗೆ ಸೀಲ್ ಹಾಕಿಸಿಕೊಂಡರು. ಮುಂದಿನ ತಿಂಗಳು ಸಾಲದ ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ, ಬಾಕಿ ಕಂತುಗಳ ಸಂಖ್ಯೆ ಇಳಿದಿರಲೇ ಇಲ್ಲ. ಪ್ರತಿ ಹಿಡಿದುಕೊಂಡು ಮತ್ತೆ ಹೋದರು. ಆವತ್ತೇ ಸರಿಯಾಯಿತು.