ಜರ್ಮನಿಗೆ ಹೊರಟವರೇ, ಪಾರ್ಸೆಲ್‌ನಲ್ಲಿ ಹಳೇ ಸಾಮಾನು ತರಿಸುವಾಗ ದುಡ್ಡು ಹೀಗೆ ಕೊಡಿ

ರಜೆಗೆ ಉಡುಪಿಗೆ ಬಂದಾಗೆಲ್ಲ, ಜರ್ಮನಿಗೆ ಹೊರಟ ಮಣಿಪಾಲದ ಮಕ್ಕಳು ನನ್ನನ್ನು ಕೇಳುವುದು ಇದನ್ನೇ: ಅಲ್ಲಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಎಲ್ಲಿ ಸಿಗುತ್ತದೆ? Kleinanzeigen ಅನ್ನುವ ಜಾಹೀರಾತು ತಾಣದಲ್ಲಿ ಬೇಕಾದಷ್ಟು ಸಿಗುತ್ತದೆ. ನಿಮ್ಮ ಊರಲ್ಲೇ ಇದ್ದರೆ ಹೋಗಿ, ಆನ್ ಮಾಡಿ ನೋಡಿ, ನೋಟು ಎಣಿಸಿ ಕೊಟ್ಟು ತನ್ನಿ. ಸಂತೆಕಟ್ಟೆಯಲ್ಲಿ ಹಳೇ ಬೈಕ್ ಕೊಂಡ ಹಾಗೇ. ಹುಷಾರಾಗಿರಬೇಕಾದ್ದು ಪಾರ್ಸೆಲ್‌ನಲ್ಲಿ ಬರುವ ಸಾಮಾನಿಗೆ.

ನೀವು ಡ್ರೆಸ್ಡನ್‌ನಲ್ಲಿದ್ದೀರಿ, ಹ್ಯಾಂಬರ್ಗ್‌ನವರೊಬ್ಬರು 280 ಯೂರೋಗೆ ಲ್ಯಾಪ್‌ಟಾಪ್ ಮಾರುತ್ತಿದ್ದಾರೆ ಅಂದುಕೊಳ್ಳಿ. ತಾಣದ್ದೇ ಸುರಕ್ಷಿತ ಪಾವತಿ ಅವರಿಗೆ ಬೇಡ. "ಪೇಪಾಲ್‌ನಲ್ಲಿ Freunde und Familie ಅಂತ ಕಳಿಸಿ, ಶುಲ್ಕ ಉಳಿಯುತ್ತದೆ" ಅನ್ನುತ್ತಾರೆ. ಒಪ್ಪಲೇಬೇಡಿ. ಅದು ಸ್ನೇಹಿತರಿಗೆ, ಮನೆಯವರಿಗೆ ದುಡ್ಡು ಕಳಿಸುವ ದಾರಿ. ಅದರಲ್ಲಿ ಕೊಳ್ಳುವವರಿಗೆ ರಕ್ಷಣೆ ಇಲ್ಲ. ಲ್ಯಾಪ್‌ಟಾಪ್ ಬಾರದಿದ್ದರೆ ಪೇಪಾಲ್ ನಿಮ್ಮ ದೂರನ್ನು ಆ ರಕ್ಷಣೆಯಡಿ ತೆಗೆದುಕೊಳ್ಳುವುದಿಲ್ಲ. ಸರಕು ಮತ್ತು ಸೇವೆ ಎಂಬ ಅರ್ಥದ Waren und Dienstleistungen ಅನ್ನುವುದನ್ನೇ ಆರಿಸಿ. ಅದರ ಶುಲ್ಕ ಮಾರುವವರ ತಲೆಗೆ ಬೀಳುತ್ತದೆ, 280ಕ್ಕೆ ಸುಮಾರು ಏಳು ಯೂರೋ. ಅವರು ತಕರಾರು ಮಾಡಿದರೆ ಚೌಕಾಸಿಯಲ್ಲೇ ಅಷ್ಟನ್ನು ಬಿಟ್ಟುಕೊಡಿ. ಏಳು ಯೂರೋಗೆ 280 ಉಳಿಯುತ್ತದೆ ಅಲ್ವಾ? ಅದಕ್ಕೂ ಒಪ್ಪದವರ ಹತ್ತಿರ ನಾನಾದರೆ ಕೊಳ್ಳುವುದಿಲ್ಲ.

ಇನ್ನು ಕೆಲವರು ಬ್ಯಾಂಕ್ ಖಾತೆಗೇ ಹಾಕಿ ಅನ್ನುತ್ತಾರೆ. ನಮ್ಮಲ್ಲಿ ಯುಪಿಐ ಮಾಡಿದ ಹಾಗೆ, ಅದೂ ಹೋದರೆ ಹೋಯಿತು. 2025ರ ಅಕ್ಟೋಬರ್‌ನಿಂದ ಯೂರೋ ದೇಶಗಳ ಬ್ಯಾಂಕುಗಳು ಖಾತೆಯ ಸಂಖ್ಯೆಗೂ ಹೆಸರಿಗೂ ತಾಳೆ ಇದೆಯಾ ಎಂದು ದುಡ್ಡು ಹೋಗುವ ಮೊದಲೇ ತೋರಿಸಬೇಕು. ತಾಳೆ ಇಲ್ಲ ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ. "ನನ್ನ ತಂಗಿಯ ಖಾತೆ" ಅನ್ನುವ ಸಮಜಾಯಿಷಿ ಕೇಳಬೇಡಿ. ಹೆಸರು ಸರಿಯಾಗಿದ್ದ ಮಾತ್ರಕ್ಕೆ ಸಾಮಾನು ಬರುತ್ತದೆ ಎಂದೂ ಅಲ್ಲ. ಹೋದರೂ ಪರವಾಗಿಲ್ಲ ಅನ್ನುವಷ್ಟು ಸಣ್ಣ ಮೊತ್ತಕ್ಕೆ ಮಾತ್ರ ಈ ದಾರಿ.

ಮಾತುಕತೆಯನ್ನು ವಾಟ್ಸಾಪ್‌ಗೆ ಎಳೆದು ಅಲ್ಲಿ "ಸುರಕ್ಷಿತ ಪಾವತಿ"ಯ ಲಿಂಕ್ ಕಳಿಸುವವರೂ ಇದ್ದಾರೆ. ಅದನ್ನು ಒತ್ತಬೇಡಿ. ತಾಣದ ನಿಜವಾದ ಪಾವತಿ ನಡೆಯುವುದು ಅದರ ಚಾಟ್‌ನ ಒಳಗೇ.

ಕಳಿಸುವ ಬಗೆಯನ್ನೂ ಮೊದಲೇ ಮಾತಾಡಿಕೊಳ್ಳಿ. ಡಿಎಚ್ಎಲ್‌ನಲ್ಲಿ Päckchen ಅಗ್ಗ, ಆದರೆ ಕಳೆದುಹೋದರೆ ಪರಿಹಾರ ಇಲ್ಲ. Paket ಆದರೆ 500 ಯೂರೋವರೆಗೆ ಇದೆ. ಲ್ಯಾಪ್‌ಟಾಪ್‌ಗೆ Paket ಅಂತಲೇ ಹೇಳಿ, ಟ್ರ್ಯಾಕಿಂಗ್ ಸಂಖ್ಯೆ ಕೇಳಿ ಇಟ್ಟುಕೊಳ್ಳಿ. ದುಡ್ಡು ಕೊಡುವ ಮೊದಲೇ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ, ಮಾರಿದ ಮೇಲೆ ಅದು ಮಾಯವಾಗುತ್ತದೆ. ಡಬ್ಬಿ ಬಿಚ್ಚುವಾಗ, ಮೇಲಿನ ವಿಳಾಸದ ಚೀಟಿಯಿಂದ ಹಿಡಿದು ಲ್ಯಾಪ್‌ಟಾಪ್ ಆನ್ ಆಗುವ ತನಕ ಒಂದೇ ವಿಡಿಯೋ ಮಾಡಿ.

ಸಾಮಾನು ಬಾರದಿದ್ದರೆ ಅಥವಾ ಹೇಳಿದ್ದಕ್ಕಿಂತ ಬೇರೆಯೇ ಬಂದರೆ, ದುಡ್ಡು ಕೊಟ್ಟ 180 ದಿನಗಳ ಒಳಗೆ ಪೇಪಾಲ್‌ನಲ್ಲಿ ತಕರಾರು ತೆರೆಯಬಹುದು. ತೆರೆದು ಸುಮ್ನೆ ಕೂರಬೇಡಿ. ಮಾರಿದವರ ಜೊತೆ ಬಗೆಹರಿಯದಿದ್ದರೆ 20 ದಿನಗಳ ಒಳಗೆ ಅದನ್ನು ಪೇಪಾಲ್‌ನ ತೀರ್ಮಾನಕ್ಕೆ ಒಪ್ಪಿಸಬೇಕು. "ನಾಳೆ ಕಳಿಸುತ್ತೇನೆ, ತಕರಾರು ವಾಪಸ್ ತೆಗೆಯಿರಿ" ಎಂದು ಅವರು ದಿನ ತಳ್ಳುವುದು ಈ ಗಡುವು ದಾಟಲಿ ಅಂತಲೇ. ದಾಟಿದರೆ ತಕರಾರು ತಾನಾಗಿಯೇ ಮುಚ್ಚುತ್ತದೆ, ಮತ್ತೆ ತೆರೆಯಲು ಆಗುವುದಿಲ್ಲ.