ಬೈಸಿಕೊಂಡರೆ ಗೆಟ್, ಅರ್ಜಿ ಬರೆದರೆ ಬಿ

ನಿಲ್ಲಿಸಬಾರದ ಕಡೆ ಕಾರು ನಿಲ್ಲಿಸಿದಿರಿ, ಎಳೆದುಕೊಂಡು ಹೋದರು. ಆಫೀಸಿಗೆ ತಡವಾಗಿ ಬಂದು ‘ಮೈ ಕಾರ್ ವಾಸ್ ಟೋಡ್’ ಅನ್ನುತ್ತೀರಿ. ವ್ಯಾಕರಣದಲ್ಲಿ ತಪ್ಪೇನಿಲ್ಲ. ಆದರೆ ಪಕ್ಕದ ಮೇಜಿನವರಿಗೆ ಹೀಗಾಗಿದ್ದರೆ ಬಹುಶಃ ‘ಮೈ ಕಾರ್ ಗಾಟ್ ಟೋಡ್’ ಅನ್ನುತ್ತಿದ್ದರು. ಇಂಗ್ಲಿಷ್ ಮಾತಿನ ಈ ದೇಶಕ್ಕೆ ಬಂದ ಹೊಸದರಲ್ಲಿ ನನಗಿದು ಬರೀ ಆಡುಮಾತಿನ ಸಡಿಲತನ ಅನಿಸಿತ್ತು. ಅಷ್ಟೇ ಅಲ್ಲ. ಇಂಗ್ಲಿಷಿನ ಕರ್ಮಣಿ ಪ್ರಯೋಗಕ್ಕೆ ‘ವಾಸ್’ನಂಥ ಬಿ ರೂಪವೂ ಇದೆ, ‘ಗಾಟ್’ನಂಥ ಗೆಟ್ ರೂಪವೂ ಇದೆ, ಎರಡರ ಧ್ವನಿ ಬೇರೆ.

ನಮ್ಮಲ್ಲೇ ಇದಕ್ಕೆ ಹತ್ತಿರದ ಜೋಡಿ ಇದೆ. ‘ನಾನು ಮೇಷ್ಟ್ರಿಂದ ಬೈಯಲ್ಪಟ್ಟೆ’ ಅಂತ ಯಾರೂ ಮಾತಾಡುವುದಿಲ್ಲ, ‘ಬೈಸಿಕೊಂಡೆ’ ಅನ್ನುತ್ತೇವೆ. ಬೈಸಿಕೊಂಡೆ ಅಂದಾಗ ಏನೋ ಆಯಿತು, ಅದು ನನಗೆ ತಟ್ಟಿತು, ಸ್ವಲ್ಪ ನನ್ನ ಕೈವಾಡವೂ ಇದ್ದೀತು ಎಂಬುದು ಒಟ್ಟಿಗೇ ಬರುತ್ತದೆ. ಗೆಟ್ ಕೂಡ ಬಹುಮಟ್ಟಿಗೆ ಹಾಗೇ. ಅದಕ್ಕೇ ಗಾಟ್ ಫೈರ್ಡ್, ಗಾಟ್ ಕಾಟ್, ಗಾಟ್ ಪ್ರಮೋಟೆಡ್ ಸಲೀಸಾಗಿ ಬರುತ್ತವೆ. ಕೆಟ್ಟದ್ದೋ ಒಳ್ಳೆಯದೋ, ಯಾರಿಗೋ ತಟ್ಟಿದ ಸಂಗತಿಗಳು ಅವು. ‘ದ ಬ್ರಿಜ್ ಗಾಟ್ ಬಿಲ್ಟ್ ಇನ್ 1950’ ಅಂದರೆ ಕಿವಿಗೆ ಒರಟು; ಯಾರಿಗೂ ತಟ್ಟದ ಬರೀ ಮಾಹಿತಿಗೆ ‘ವಾಸ್ ಬಿಲ್ಟ್’ ಸಾಕು.

ಎಡವುವುದು ಹೆಚ್ಚಾಗಿ ಇಲ್ಲಿ: ಗೆಟ್ ಹೇಳುವುದು ಘಟನೆಯನ್ನು, ಸ್ಥಿತಿಯನ್ನಲ್ಲ. ‘ದ ಡೋರ್ ವಾಸ್ ಲಾಕ್ಡ್’ ಅಂದರೆ ಬೀಗ ಹಾಕಿತ್ತು ಅಂತಲೂ ಆಗುತ್ತದೆ, ಯಾರೋ ಹಾಕಿದರು ಅಂತಲೂ ಆಗುತ್ತದೆ. ‘ಗಾಟ್ ಲಾಕ್ಡ್’ ಅಂದರೆ ಹಾಕಿದ ಗಳಿಗೆಯೇ. ಮದುವೆಯ ವರ್ಷ ಹೇಳುವಾಗ ನಮ್ಮವರು ‘ವಿ ಆರ್ ಮ್ಯಾರಿಡ್ ಇನ್ 2015’ ಅಂದುಬಿಡುತ್ತಾರೆ. ‘ವಿ ಆರ್ ಮ್ಯಾರಿಡ್’ ಎಂಬುದು ಈಗಿನ ಸ್ಥಿತಿ, ಅದಕ್ಕೆ ವರ್ಷ ಅಂಟುವುದಿಲ್ಲ. ‘ವಿ ಗಾಟ್ ಮ್ಯಾರಿಡ್ ಇನ್ 2015’ ಅನ್ನಿ. ಇದೇ ಕಾರಣಕ್ಕೆ ತಿಳಿದಿರುವುದು, ಪ್ರೀತಿಸುವುದು ಇಂಥ ಕ್ರಿಯಾಪದಗಳ ಜೊತೆ ಗೆಟ್ ಸಾಮಾನ್ಯವಾಗಿ ಹೊಂದುವುದಿಲ್ಲ.

ಬರೀ ಗೆಟ್, ಗಾಟ್ ಇರುವ ವಾಕ್ಯದಲ್ಲಿ ಪ್ರಶ್ನೆಗೂ ‘ಇಲ್ಲ’ ಅನ್ನುವುದಕ್ಕೂ ಡು ಬೇಕು: ‘ಡಿಡ್ ಯು ಗೆಟ್ ಪೇಡ್?’, ‘ಐ ಡಿಡಂಟ್ ಗೆಟ್ ಪೇಡ್.’ ‘ವರ್ ಯು ಗಾಟ್ ಪೇಡ್’ ಅನ್ನುವ ಕಲಬೆರಕೆ ನಾನೇ ಬಹಳ ದಿನ ಆಡಿದ್ದೇನೆ, ಯಾರೂ ತಿದ್ದಲಿಲ್ಲ.

ಗೆಟ್ ಕೊಡುವ ಆ ಕೈವಾಡದ ಸುಳಿವು ಪ್ರತಿ ಸಲವೂ ಇರುವುದಿಲ್ಲ, ಆದರೂ ನೋವುಂಡವರ ಮುಂದೆ ಸ್ವಲ್ಪ ಜೋಪಾನ. ಹಲ್ಲೆಗೆ ಒಳಗಾದವರ ಬಗ್ಗೆ ಮಾತಾಡುವಾಗ ನಾನು ‘ಶಿ ವಾಸ್ ಅಟ್ಯಾಕ್ಡ್’ ಅನ್ನುತ್ತೇನೆ.

ಮತ್ತೆ ಆ ಕಾರಿಗೇ ಬರೋಣ. ಗೆಳೆಯರ ಹತ್ತಿರ ‘ಗಾಟ್ ಟೋಡ್’. ದಂಡದ ವಿರುದ್ಧ ಅರ್ಜಿ ಬರೆಯಲು ಕೂತರೆ ‘ಮೈ ಕಾರ್ ವಾಸ್ ಟೋಡ್’ ಅಂತಲೇ ಶುರು ಮಾಡಿ, ದಿನ, ಹೊತ್ತು, ಬೀದಿಯ ಹೆಸರು ಅದರ ಪಕ್ಕದಲ್ಲೇ ಇರಲಿ.